ಚಿನ್ನ ಏರಿತೋ, ರೂಪಾಯಿ ಇಳಿಯಿತೋ?

ನಮ್ಮ ಕೋಲಾರದ ಮಕ್ಕಳು ಕೇಳುವ ಒಂದು ಪ್ರಶ್ನೆ ಬಲು ನ್ಯಾಯವಾದದ್ದು. “ತಾತ, ಚಿನ್ನದ ಗಣಿ ಇದ್ದದ್ದು ನಮ್ಮ ಜಿಲ್ಲೆಯಲ್ಲಿ. ಮತ್ತೆ ಚಿನ್ನದ ದರವನ್ನು ಅಮೆರಿಕದ ಡಾಲರಿನಲ್ಲಿ ಯಾಕೆ ಹೇಳ್ತಾರೆ?” ಅಜ್ಜಿಯರ ಪ್ರಶ್ನೆ ಇನ್ನೊಂದು. “ಟೀವಿಯಲ್ಲಿ ಒಬ್ಬರು ಚಿನ್ನ ಹಿಂದೆಂದೂ ಇಷ್ಟು ಏರಿರಲಿಲ್ಲ ಅಂತಾರೆ. ಇನ್ನೊಬ್ಬರು ಪ್ರಪಂಚದಲ್ಲಿ ಚಿನ್ನ ಏರಿಯೇ ಇಲ್ಲ ಅಂತಾರೆ. ಯಾರನ್ನ ನಂಬೋದು?” ಇಬ್ಬರನ್ನೂ ನಂಬಬಹುದು. ಹೇಗೆ ಅಂತ ಈ ವಾರ ನೋಡೋಣ.

ಮೊದಲು ಮಕ್ಕಳ ಪ್ರಶ್ನೆ. ಕೆ.ಜಿ.ಎಫ್. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಾರೆ. ಆದರೆ ದೇಶಕ್ಕೆ ವರ್ಷಕ್ಕೆ ಬೇಕಾಗುವ ನೂರಾರು ಟನ್ನಿನ ಮುಂದೆ ಅದು ಎಲ್ಲಿಗೂ ಸಾಲದು. ಉಳಿದ ಚಿನ್ನವೆಲ್ಲ ಹೊರದೇಶದಿಂದ ಬರಬೇಕು. ಅಲ್ಲಿ ಮಾರುವವರು ನಮ್ಮ ರೂಪಾಯಿ ತೆಗೆದುಕೊಳ್ಳುವುದಿಲ್ಲ, ಡಾಲರ್ ಕೇಳುತ್ತಾರೆ. ಆದ್ದರಿಂದ ಚಿನ್ನ ತರಿಸುವವರು ಮೊದಲು ರೂಪಾಯಿ ಕೊಟ್ಟು ಡಾಲರ್ ಕೊಳ್ಳಬೇಕು, ಆಮೇಲೆ ಡಾಲರ್ ಕೊಟ್ಟು ಚಿನ್ನ ಕೊಳ್ಳಬೇಕು. ಅಂದರೆ ನಮ್ಮ ಊರಿನ ಚಿನ್ನದ ದರದಲ್ಲಿ ಎರಡು ದರಗಳು ಸೇರಿಕೊಂಡಿವೆ. ಒಂದು ಡಾಲರಿನಲ್ಲಿ ಚಿನ್ನದ ದರ, ಇನ್ನೊಂದು ರೂಪಾಯಿಯಲ್ಲಿ ಡಾಲರಿನ ದರ. ಎರಡರಲ್ಲಿ ಯಾವುದು ಏರಿದರೂ ನಮ್ಮ ಅಂಗಡಿಯ ಹಲಗೆಯ ಮೇಲಿನ ಅಂಕಿ ಏರುತ್ತದೆ.

ಮುಳಬಾಗಿಲು ಕಡೆಯ ಹಳ್ಳಿಯ ಅಜ್ಜಿಯರಿಗೆ ಇದನ್ನು ರಾಗಿಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಮನೆಯಲ್ಲಿರುವ ರಾಗಿಯನ್ನು ಸೇರಿನಲ್ಲಿ ಅಳೆದರೆ ನೂರು ಸೇರು ಬಂತು ಅನ್ನಿ. ಯಾರೋ ರಾತ್ರೋರಾತ್ರಿ ಆ ಸೇರನ್ನು ಬದಲಾಯಿಸಿ ಚಿಕ್ಕದನ್ನು ಇಟ್ಟರು. ಬೆಳಿಗ್ಗೆ ಅಳೆದರೆ ನೂರಿಪ್ಪತ್ತು ಬರುತ್ತದೆ. ರಾಗಿ ಒಂದು ಹಿಡಿಯೂ ಹೆಚ್ಚಾಗಿಲ್ಲ. ರೂಪಾಯಿ ನಮ್ಮ ಸೇರು, ಡಾಲರ್ ಇನ್ನೊಬ್ಬರ ಸೇರು.

ಸೇರು ನಿಜವಾಗಿ ರಾತ್ರೋರಾತ್ರಿ ಬದಲಾದ ದಿನವೂ ಒಂದಿದೆ. 1934ರಿಂದ 1971ರವರೆಗೆ ಅಮೆರಿಕ ಸರ್ಕಾರ ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್ ಎಂದು ದರ ಕಟ್ಟಿಹಾಕಿತ್ತು. ನಮ್ಮಲ್ಲಿ ಒಂದು ಡಾಲರಿಗೆ 4 ರೂಪಾಯಿ 76 ಪೈಸೆ ಇತ್ತು. ಆ ಲೆಕ್ಕದಲ್ಲಿ ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ 53 ರೂಪಾಯಿ 58 ಪೈಸೆ. 1966ರ ಜೂನ್ 6ರಂದು ಸರ್ಕಾರ ರೂಪಾಯಿಯ ಬೆಲೆ ಇಳಿಸಿ, ಡಾಲರಿಗೆ 7 ರೂಪಾಯಿ 50 ಪೈಸೆ ಮಾಡಿತು. ಅದರಿಂದ ಅದೇ ಹತ್ತು ಗ್ರಾಂ ಪುಸ್ತಕದಲ್ಲಿ 84 ರೂಪಾಯಿ 39 ಪೈಸೆ ಆಯಿತು. ಡಾಲರಿನಲ್ಲಿ ಅದೇ 35. ರೂಪಾಯಿಯಲ್ಲಿ ನೂರಕ್ಕೆ ಐವತ್ತೇಳರಷ್ಟು ಏರಿಕೆ. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ ಹಿಂದಿನ ವಾರ ತೆಗೆದ ಚಿನ್ನಕ್ಕೂ ಆ ವಾರ ತೆಗೆದ ಚಿನ್ನಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಇದು ಸರ್ಕಾರಿ ಪುಸ್ತಕದ ದರ, ಆಗಿನ ಅಂಗಡಿ ದರದ ಕಥೆ ಬೇರೆ. ಆದರೆ ಚಿನ್ನ ನಿಂತಲ್ಲೇ ನಿಂತು ರೂಪಾಯಿ ಮಾತ್ರ ಕದಲಿದರೆ ಏನಾಗುತ್ತದೆ ಎನ್ನುವುದಕ್ಕೆ ಇಷ್ಟು ಶುದ್ಧವಾದ ಉದಾಹರಣೆ ಮತ್ತೊಂದು ಸಿಗುವುದು ಕಷ್ಟ.

ಈಗ ಪೆನ್ಸಿಲ್ ತೆಗೆದುಕೊಳ್ಳಿ, ನಾವೇ ದರ ಕಟ್ಟೋಣ. ಚಿನ್ನ ಅಳೆಯುವ ಔನ್ಸ್ ಎಂದರೆ 31.1 ಗ್ರಾಂ. ನಿಮ್ಮ ಪಾಠದ ಪುಸ್ತಕದಲ್ಲಿರುವ ಔನ್ಸ್ 28.35 ಗ್ರಾಂ, ಅದನ್ನು ಇಲ್ಲಿ ತರಬೇಡಿ. ತಂದರೆ ದರ ನೂರಕ್ಕೆ ಹತ್ತರಷ್ಟು ಜಾಸ್ತಿ ಬಂದುಬಿಡುತ್ತದೆ. ಔನ್ಸಿನ ಡಾಲರ್ ದರವನ್ನು 31.1ರಿಂದ ಭಾಗಿಸಿದರೆ ಒಂದು ಗ್ರಾಂಗೆ ಎಷ್ಟು ಡಾಲರ್ ಎಂದು ಸಿಗುತ್ತದೆ. ಅದನ್ನು ಡಾಲರಿನ ರೂಪಾಯಿ ದರದಿಂದ ಗುಣಿಸಿ, ಹತ್ತರಿಂದ ಗುಣಿಸಿದರೆ ಹತ್ತು ಗ್ರಾಂ ಅಪರಂಜಿಯ ದರ. ಕೊನೆಗೆ ಸರ್ಕಾರದ ಆಮದು ಸುಂಕ ಕೂಡಿಸಬೇಕು. ಇಷ್ಟೇ.

2011ರ ಸೆಪ್ಟೆಂಬರ್ ಮೊದಲ ವಾರಕ್ಕೆ ಹೋಗೋಣ. ಆಗ ಚಿನ್ನ ಡಾಲರಿನಲ್ಲೇ ಹೊಸ ಎತ್ತರ ಮುಟ್ಟಿತ್ತು, ಔನ್ಸಿಗೆ ಸುಮಾರು 1,900. ಗ್ರಾಂಗೆ 61 ಡಾಲರ್ ಆಯಿತು. ಡಾಲರ್ ಸುಮಾರು 46 ರೂಪಾಯಿ ಇತ್ತು. 61ನ್ನು 46ರಿಂದ ಗುಣಿಸಿದರೆ 2,806, ಹತ್ತು ಗ್ರಾಂಗೆ 28,060. ಆಗ ಸುಂಕ ಹತ್ತು ಗ್ರಾಂಗೆ ಬರೀ 300 ರೂಪಾಯಿ. ಒಟ್ಟು 28,360.

ಎರಡು ವರ್ಷ ದಾಟಿ 2013ರ ಆಗಸ್ಟ್ 28ಕ್ಕೆ ಬನ್ನಿ. ಅಷ್ಟರಲ್ಲಿ ಡಾಲರಿನಲ್ಲಿ ಚಿನ್ನ ಇಳಿದುಹೋಗಿತ್ತು, ಔನ್ಸಿಗೆ ಸುಮಾರು 1,400. ಗ್ರಾಂಗೆ 45 ಡಾಲರ್. ಆದರೆ ಅವತ್ತು ರೂಪಾಯಿ ಅಲ್ಲಿಯವರೆಗಿನ ತೀರಾ ಕೆಳಮಟ್ಟಕ್ಕೆ ಕುಸಿದು, ಡಾಲರಿಗೆ 68 ರೂಪಾಯಿ 80 ಪೈಸೆ ದಾಟಿತ್ತು. 45ನ್ನು 68.80ರಿಂದ ಗುಣಿಸಿದರೆ 3,096, ಹತ್ತು ಗ್ರಾಂಗೆ 30,960. ಅದೇ ತಿಂಗಳು ಸುಂಕವನ್ನು ನೂರಕ್ಕೆ ಹತ್ತು ಮಾಡಿದ್ದರು, ಅದು 3,096 ರೂಪಾಯಿ. ಒಟ್ಟು 34,056. ಪೇಟೆಯಲ್ಲೂ ಅವತ್ತು ದರ 34 ಸಾವಿರದ ಆಸುಪಾಸಿನಲ್ಲೇ ಇತ್ತು, ಹಿಂದೆಂದೂ ಕಾಣದ ದರ.

ಮಾಲೂರಿನ ಒಬ್ಬ ತಾಯಿ ಆ ದಿನಗಳಲ್ಲಿ ಅಮೆರಿಕದಲ್ಲಿರುವ ಮಗಳ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದದ್ದು ನನಗೆ ಗೊತ್ತು. “ಚಿನ್ನ ಅಗ್ಗ ಆಗಿದೆಯಮ್ಮ” ಅಂತ ಮಗಳು. “ನಿನಗೇನು ಗೊತ್ತು, ಇಲ್ಲಿ ಬೆಂಕಿ ಹತ್ತಿದೆ” ಅಂತ ತಾಯಿ. ಮಗಳು 1,900ರಿಂದ 1,400ಕ್ಕೆ ಇಳಿದದ್ದನ್ನು ನೋಡುತ್ತಿದ್ದಳು, ತಾಯಿ 28 ಸಾವಿರದಿಂದ 34 ಸಾವಿರಕ್ಕೆ ಏರಿದ್ದನ್ನು. ಇಬ್ಬರೂ ನೋಡುತ್ತಿದ್ದದ್ದು ಒಂದೇ ಚಿನ್ನ.

ಆ ಏರಿಕೆಯಲ್ಲಿ ಯಾರ ಪಾಲು ಎಷ್ಟು? ರೂಪಾಯಿ 46ರಲ್ಲೇ ನಿಂತಿದ್ದು, ಸುಂಕವೂ 300 ರೂಪಾಯಿಯೇ ಇದ್ದಿದ್ದರೆ 2013ರಲ್ಲಿ ಹತ್ತು ಗ್ರಾಂ ಬರೀ 21,000ಕ್ಕೆ ಸಿಗಬೇಕಿತ್ತು. ರೂಪಾಯಿ ಕುಸಿದದ್ದರಿಂದ ಅದರ ಮೇಲೆ 10,260 ಸೇರಿತು. ಸುಂಕ ಏರಿದ್ದರಿಂದ ಇನ್ನೂ 2,796 ಸೇರಿತು. ಚಿನ್ನ ತಾನಾಗಿ ಇಳಿದಿತ್ತು. ಅದನ್ನು ಮೇಲಕ್ಕೆ ಹೊತ್ತವು ಈ ಎರಡೇ.

ರೂಪಾಯಿ ಯಾಕೆ ಕುಸಿಯಿತು? ನಾವು ಹೊರಗೆ ಮಾರಿ ಗಳಿಸುವ ಡಾಲರಿಗಿಂತ ಎಣ್ಣೆಗೂ ಚಿನ್ನಕ್ಕೂ ಖರ್ಚು ಮಾಡುವ ಡಾಲರ್ ಹೆಚ್ಚಾಗಿತ್ತು. ಕೊರತೆಯನ್ನು ಹೊರದೇಶದವರು ಇಲ್ಲಿ ಹೂಡುತ್ತಿದ್ದ ಹಣ ತುಂಬುತ್ತಿತ್ತು. 2013ರ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ತಾನು ಪೇಟೆಗೆ ಬಿಡುತ್ತಿದ್ದ ಹಣವನ್ನು ಕಡಿಮೆ ಮಾಡುವ ಸುಳಿವು ಕೊಟ್ಟಿತು. ಹೂಡಿದವರು ಹಣ ಹಿಂದಕ್ಕೆ ತೆಗೆದುಕೊಳ್ಳತೊಡಗಿದರು. ಎಲ್ಲರಿಗೂ ಒಟ್ಟಿಗೆ ಡಾಲರ್ ಬೇಕಾಯಿತು. ಸಂತೆಯಲ್ಲಿ ಎಲ್ಲರೂ ಟೊಮೆಟೊ ಕೇಳಿದ ದಿನ ಟೊಮೆಟೊಗೆ ಏನಾಗುತ್ತದೋ ಡಾಲರಿಗೂ ಅದೇ ಆಯಿತು. ಚಿನ್ನ ತರಿಸುವುದನ್ನು ತಗ್ಗಿಸಿ ಡಾಲರ್ ಉಳಿಸಬೇಕೆಂದೇ ಸರ್ಕಾರ ಸುಂಕ ಏರಿಸಿದ್ದು.

ಈ ಲೆಕ್ಕ ಗೊತ್ತಿದ್ದರೆ ಉಪಯೋಗ ಏನು? ಶ್ರೀನಿವಾಸಪುರದ ಕಡೆ ಮಾವಿನ ತೋಟವಿರುವ ನನ್ನ ಪರಿಚಯದವರೊಬ್ಬರಿಗೆ ಆ ವರ್ಷ ಮಂಡಿಯಿಂದ ಬಾಕಿ ಹಣವೆಲ್ಲ ಕೈಸೇರುವ ಹೊತ್ತಿಗೆ ಆಗಸ್ಟ್ ಕೊನೆ. ಮಗಳ ಮದುವೆ ಇನ್ನೂ ದೂರವಿತ್ತು. “ಚಿನ್ನ ಇನ್ನು ನಲವತ್ತಕ್ಕೆ ಹೋಗುತ್ತೆ” ಎಂದು ಯಾರೋ ಹೇಳಿದ್ದನ್ನು ಕೇಳಿ, ಐವತ್ತು ಗ್ರಾಂ ಒಮ್ಮೆಗೇ ಕೊಂಡರು. ಒಂದು ಲಕ್ಷದ ಎಪ್ಪತ್ತು ಸಾವಿರ ಆಯಿತು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ರೂಪಾಯಿ ಚೇತರಿಸಿಕೊಂಡು 62, 63ರ ಹತ್ತಿರ ಬಂತು. ಡಾಲರಿನಲ್ಲೂ ಚಿನ್ನ ಸ್ವಲ್ಪ ಇಳಿಯಿತು. ಹತ್ತು ಗ್ರಾಂ 30 ಸಾವಿರದ ಆಸುಪಾಸಿಗೆ ಬಂತು. ಒಂದು ತಿಂಗಳಲ್ಲಿ ಇಪ್ಪತ್ತು ಸಾವಿರ ರೂಪಾಯಿ, ಅಂದರೆ ಅವರ ಎಷ್ಟೋ ಬುಟ್ಟಿ ಮಾವು, ಕರಗಿಹೋಯಿತು. ಅವರಿಗೆ ಚಿನ್ನ ಏರುತ್ತಿದೆ ಎಂದು ಕಂಡಿತ್ತು. ಅವರು ನಿಜವಾಗಿ ಪಣ ಕಟ್ಟಿದ್ದು ರೂಪಾಯಿ ಇನ್ನೂ ಬೀಳುತ್ತದೆ ಎಂಬುದರ ಮೇಲೆ.

ಅದಕ್ಕೇ ನಾನು ಹೇಳುವ ಪರೀಕ್ಷೆ ಒಂದೇ. ಹತ್ತು ಗ್ರಾಂ ದರವನ್ನು ಆ ದಿನದ ಡಾಲರ್ ದರದಿಂದ ಭಾಗಿಸಿ. 28,360ನ್ನು 46ರಿಂದ ಭಾಗಿಸಿದರೆ 616 ಬರುತ್ತದೆ. 34,056ನ್ನು 68.80ರಿಂದ ಭಾಗಿಸಿದರೆ 495. ರೂಪಾಯಿಯ ಅಂಕಿ ಏರಿ, ಭಾಗಿಸಿ ಬಂದ ಅಂಕಿ ಏರದಿದ್ದರೆ ಕುಗ್ಗಿದ್ದು ಸೇರು. ಎರಡೂ ಏರಿದರೆ ಚಿನ್ನವೇ ಏರಿದೆ, ಇಲ್ಲವೇ ಸುಂಕ ಏರಿದೆ. ಚಿನ್ನವೇ ಏರುವುದೂ ಉಂಟು. 2025ರ ಅಕ್ಟೋಬರಿನಲ್ಲಿ ಅದು ಡಾಲರಿನಲ್ಲೇ ಔನ್ಸಿಗೆ 4,000 ದಾಟಿತು. ಪ್ರತಿ ದಾಖಲೆಗೂ ರೂಪಾಯಿಯನ್ನೇ ದೂರಬಾರದು.

ಸುಂಕವನ್ನು ಮಾತ್ರ ಬೇರೆಯಾಗಿ ಗಮನಿಸಬೇಕು. 2024ರ ಜುಲೈ 23ರ ಬಜೆಟ್ಟಿನಲ್ಲಿ ಚಿನ್ನದ ಸುಂಕವನ್ನು ನೂರಕ್ಕೆ 15ರಿಂದ 6ಕ್ಕೆ ಇಳಿಸಿದರು. ಅವತ್ತೇ ನಮ್ಮ ಪೇಟೆಗಳಲ್ಲಿ ಹತ್ತು ಗ್ರಾಂಗೆ ಮೂರು ಸಾವಿರಕ್ಕೂ ಹೆಚ್ಚು ಇಳಿಯಿತು. ಪ್ರಪಂಚದ ಪೇಟೆಯಲ್ಲಿ ಅಂಥದ್ದೇನೂ ನಡೆದಿರಲಿಲ್ಲ. ಇನ್ನು, ನೀವು ಕಟ್ಟಿದ ದರ ಅಂಗಡಿಯ ದರಕ್ಕೆ ಪೈಸೆಗೆ ಪೈಸೆ ಹೊಂದುವುದಿಲ್ಲ. ಒಡವೆಯ ಚಿನ್ನ 22 ಕ್ಯಾರಟ್, ಅಂದರೆ ನೂರು ಗ್ರಾಂನಲ್ಲಿ ಅಪರಂಜಿ ಸುಮಾರು 91.6 ಗ್ರಾಂ. ಅದರ ಮೇಲೆ ಮಜೂರಿ, ಜಿ.ಎಸ್.ಟಿ. ಬೇರೆ. ಸರ್ಕಾರ ಆಮದಿಗೆ ತಡೆ ಹಾಕಿದ ಕಾಲದಲ್ಲಿ ಚಿನ್ನ ಸಿಗುವುದೇ ಕಷ್ಟವಾಗಿ, ಅಂಗಡಿ ದರ ಲೆಕ್ಕಕ್ಕಿಂತ ಮೇಲೆ ನಿಲ್ಲುತ್ತದೆ.

ಈ ವಾರದ ಲೆಕ್ಕ. ಚಿನ್ನ ಗ್ರಾಂಗೆ 40 ಡಾಲರಿನಲ್ಲೇ ನಿಂತಿದೆ. ಸುಂಕ ನೂರಕ್ಕೆ ಹತ್ತು. ಡಾಲರ್ 60 ರೂಪಾಯಿಯಿಂದ 66ಕ್ಕೆ ಏರಿತು. ಹತ್ತು ಗ್ರಾಂ ದರ ಮೊದಲು ಎಷ್ಟಿತ್ತು, ಈಗ ಎಷ್ಟಾಯಿತು? ಮಕ್ಕಳು ಲೆಕ್ಕ ಮಾಡಲಿ, ಹಿರಿಯರು ಪಕ್ಕದಲ್ಲಿ ಕೂತು ನೋಡಲಿ. ಏರಿಕೆ 2,640 ರೂಪಾಯಿ ಬಂದರೆ ನಿಮ್ಮ ಲೆಕ್ಕ ಸರಿ.