ಬಂದಿದ್ದಾನೋ, ಬಂದು ಹೋದನೋ?

ರಷ್ಯನ್ ಭಾಷೆಯಲ್ಲಿ ನಡೆದು ಹೋಗುವುದಕ್ಕೆ ಎರಡು ಕ್ರಿಯಾಪದಗಳುಂಟು: ‘ಇತ್ತೀ’ ಮತ್ತು ‘ಖದೀತ್’. ಹುಡುಗನೊಬ್ಬ ಚೀಲ ಹೆಗಲಿಗೇರಿಸಿ ಶಾಲೆಯತ್ತ ನಡೆಯುತ್ತಿರುವಾಗ ‘ಯಾ ಇದೂ ವ್ ಶ್ಕೋಲು’ ಎನ್ನುತ್ತಾನೆ. ಅದು ಒಂದೇ ದಿಕ್ಕಿನ, ಈ ಕ್ಷಣದ ನಡಿಗೆ. ದಿನವೂ ಶಾಲೆಗೆ ಹೋಗುತ್ತೇನೆ ಎನ್ನಬೇಕಾದರೆ ‘ಯಾ ಖಝೂ ವ್ ಶ್ಕೋಲು’. ಹೋಗಿ ಬರುವುದೆಲ್ಲ ಈ ಎರಡನೆಯದರ ಪಾಲು. ಆದ್ದರಿಂದಲೇ ‘ನಿನ್ನೆ ಗ್ರಂಥಾಲಯಕ್ಕೆ ಹೋಗಿಬಂದೆ’ ಎಂಬ ಒಂದೇ ಸಲದ ಮಾತಿಗೂ ‘ಖದೀಲ್’ ಎಂಬ ರೂಪವೇ ಬೇಕು. (ಇದು ಕಾಲ್ನಡಿಗೆಯ ಮಾತು, ವಾಹನಕ್ಕೆ ಬೇರೆ ಜೋಡಿ ಇದೆ.)

ಇವುಗಳ ಹಿಂದೆ ‘ಪ್ರಿ’ ಎಂಬ ಉಪಸರ್ಗ ಸೇರಿದರೆ ‘ಹೋಗು’ ಎಂಬುದು ‘ಬರು’ ಆಗುತ್ತದೆ. ಆಗ ಜೋಡಿಯ ಕೆಲಸವೂ ಬದಲಾಗುತ್ತದೆ. ಒಂದು ದಿಕ್ಕು, ಹಲವು ದಿಕ್ಕು ಎಂಬ ಭೇದ ಹೋಗಿ, ಮುಗಿದ ಕ್ರಿಯೆ ಮತ್ತು ಮುಗಿದುದನ್ನು ಹೇಳದ ಕ್ರಿಯೆ ಎಂಬ ಭೇದ ಬರುತ್ತದೆ. ಕಲಿಯುವವರು ಎಡವುವುದು ಇಲ್ಲೇ.

ವೈದ್ಯಕೀಯ ಓದಲು ರಷ್ಯಾಕ್ಕೆ ಹೋದ ವಿದ್ಯಾರ್ಥಿ ಸಂಜೆ ಹಾಸ್ಟೆಲಿಗೆ ಮರಳುತ್ತಾನೆನ್ನಿ. ಬಾಗಿಲಲ್ಲಿರುವ ಅಜ್ಜಿ ‘ಪ್ರಿಷೋಲ್ ದ್ರುಗ್’ ಎಂದರೆ ಗೆಳೆಯ ಬಂದಿದ್ದಾನೆ, ಒಳಗೆ ಕಾಯುತ್ತಿದ್ದಾನೆ. ‘ಪ್ರಿಖದೀಲ್ ದ್ರುಗ್’ ಎಂದರೆ ಬಂದಿದ್ದ, ಈಗಿಲ್ಲ. ಎರಡನ್ನೂ ‘ಬಂದ’ ಎಂದಷ್ಟೇ ಬಾಯಿಪಾಠ ಮಾಡಿದವನು ಖಾಲಿ ಕೋಣೆಯಲ್ಲಿ ಗೆಳೆಯನನ್ನು ಹುಡುಕಬೇಕಾದೀತು. ಕನ್ನಡ ‘ಬಂದಿದ್ದಾನೆ’, ‘ಬಂದಿದ್ದ’ ಎಂದು ಸಹಾಯಕ ಕ್ರಿಯಾಪದದಿಂದ ತೋರಿಸುವ ಈ ಭೇದವನ್ನು ರಷ್ಯನ್ ಧಾತುವನ್ನೇ ಬದಲಿಸಿ ತೋರಿಸುತ್ತದೆ.

ಒಂದು ಎಚ್ಚರ: ‘ಕಾಝ್ದಿಯ್ ದೇನ್’, ಅಂದರೆ ಪ್ರತಿದಿನ, ಎಂಬ ಮಾತು ಜೊತೆಗಿದ್ದರೆ ‘ಪ್ರಿಖದೀಲ್’ಗೆ ದಿನವೂ ಬರುತ್ತಿದ್ದ ಎಂಬ ಅರ್ಥ.