ಗಾಡಿ ಎತ್ತಿಕೊಂಡು ಹೋಗುವ ಅಧಿಕಾರ ಎಲ್ಲಿಯವರೆಗೆ?

ನೋ ಪಾರ್ಕಿಂಗ್ ಜಾಗದಲ್ಲಿ ನಿಂತ ಗಾಡಿಯನ್ನು ಎತ್ತಿಕೊಂಡು ಹೋಗುವ ಅಧಿಕಾರ ಪೊಲೀಸರಿಗೆ ಇದೆ. ಅದರಲ್ಲಿ ವಾದವಿಲ್ಲ. ಆ ಅಧಿಕಾರ ಎಲ್ಲಿಗೆ ನಿಲ್ಲುತ್ತದೆ ಎಂಬುದು ಮಾತ್ರ ಇನ್ನೂ ಕೇಳಬೇಕಾದ ಪ್ರಶ್ನೆ. ಟೋಯಿಂಗ್ ಎಂಬ ಒಂದೇ ಹೆಸರಿನಡಿ ಮೂರು ಕೆಲಸಗಳು ಸೇರಿಕೊಂಡಿವೆ: ರಸ್ತೆ ತೆರವು ಮಾಡುವುದು, ಅದಕ್ಕೆ ತಗುಲಿದ ಖರ್ಚನ್ನು ವಸೂಲು ಮಾಡುವುದು, ತಪ್ಪಿಗೆ ದಂಡ ಹಾಕುವುದು. ಇವನ್ನು ಬಿಡಿಸಿ ನೋಡಿದರೆ ಮಾತ್ರ ಗಾಡಿ ಕಳೆದುಕೊಂಡು ಠಾಣೆಯ ಮುಂದೆ ನಿಂತವನಿಗೆ ಏನು ಕೊಡಬೇಕು, ಏನು ಕೇಳಬೇಕು ಎಂಬುದು ತಿಳಿಯುತ್ತದೆ.

ಮೋಟಾರು ವಾಹನ ಕಾಯ್ದೆ, 1988ರ ಕಲಂ 127 ಇದಕ್ಕೆ ಆಧಾರ. ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಅನಾಥವಾಗಿ ಬಿಟ್ಟ ಗಾಡಿಯನ್ನಾಗಲಿ, ನಿಲುಗಡೆ ನಿಷೇಧಿಸಿದ ಜಾಗದಲ್ಲಿ ನಿಲ್ಲಿಸಿದ ಗಾಡಿಯನ್ನಾಗಲಿ ಎಳೆದೊಯ್ಯಬಹುದು, ಇಲ್ಲವೇ ಚಕ್ರಕ್ಕೆ ಕ್ಲ್ಯಾಂಪ್ ಹಾಕಬಹುದು. ಆದರೆ ಹಾಗೆ ಮಾಡಲು ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯ ಅನುಮತಿ ಬೇಕು. ಟೆಂಪೋದಲ್ಲಿ ಬಂದ ಗುತ್ತಿಗೆ ಹುಡುಗರಿಗೆ ತಾವಾಗಿ ತೀರ್ಮಾನಿಸುವ ಹಕ್ಕಿಲ್ಲ. ಎಳೆದೊಯ್ದ ಖರ್ಚು ಮಾಲೀಕನ ಮೇಲೆ. ದಂಡ ಅದಕ್ಕೆ ಹೊರತಾದದ್ದು. ಖರ್ಚು ಬೇರೆ, ದಂಡ ಬೇರೆ ಎಂದು ಕಾಯ್ದೆಯೇ ವಿಂಗಡಿಸಿದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಬೆಂಗಳೂರಿನಲ್ಲಿ ಈ ಗೆರೆ ಅಳಿಸಿಹೋದಾಗ ಏನಾಯಿತೆಂದು ನೋಡಿದ್ದೇವೆ. ಅಲ್ಲಿ ಟೋಯಿಂಗ್ ಖಾಸಗಿ ಏಜೆನ್ಸಿಗಳ ಕೈಯಲ್ಲಿತ್ತು. ಎತ್ತಿದ ಪ್ರತಿ ಗಾಡಿಗೂ ಅವಕ್ಕೆ ಹಣ ಬರುತ್ತಿತ್ತು. ಲೆಕ್ಕ ಹೀಗಿದ್ದರೆ ದಾರಿಗೆ ಅಡ್ಡ ನಿಂತ ಲಾರಿಗಿಂತ ಅಂಗಡಿ ಮುಂದಿನ ಸ್ಕೂಟರ್ ಲಾಭದ್ದು, ಏಕೆಂದರೆ ಅದನ್ನು ಇಬ್ಬರು ಕ್ಷಣದಲ್ಲಿ ಎತ್ತಿ ಹಾಕಬಹುದು. ಎತ್ತುವ ಮೊದಲು ಮೈಕಿನಲ್ಲಿ ಕೂಗಬೇಕು, ಮಾಲೀಕ ಅಷ್ಟರಲ್ಲಿ ಬಂದರೆ ನೋ ಪಾರ್ಕಿಂಗ್ ದಂಡವನ್ನಷ್ಟೇ ಪಡೆದು ಗಾಡಿ ಬಿಡಬೇಕು ಎಂಬ ಸೂಚನೆಗಳಿದ್ದವು. ಅವುಗಳ ಪಾಲನೆಯ ಬಗ್ಗೆ ದೂರು ಹೆಚ್ಚಿ, 2022ರ ಫೆಬ್ರವರಿ ಆರಂಭದಲ್ಲಿ ಸರ್ಕಾರ ಟೋಯಿಂಗನ್ನೇ ತಡೆಹಿಡಿಯಬೇಕಾಯಿತು. ಜನ ಸಿಟ್ಟಾದದ್ದು ರಸ್ತೆ ತೆರವಿನ ಮೇಲಲ್ಲ, ವಸೂಲಿಯ ಮೇಲೆ.

ಈಗ ಒಂದು ಉದಾಹರಣೆ. ಮಲ್ಲೇಶ್ವರದ ಸಂಪಿಗೆ ರಸ್ತೆಯ ಅಡ್ಡರಸ್ತೆಯೊಂದರಲ್ಲಿ ಮಧ್ಯಾಹ್ನ ಬಿಟ್ಟ ಕಾರು ಸಂಜೆ ಕಾಣುತ್ತಿಲ್ಲ ಎನ್ನೋಣ. ಕಳ್ಳತನವೋ ಟೋಯಿಂಗೋ ಎಂಬುದು ಮೊದಲು ತಿಳಿಯಬೇಕು. ಎದುರಿನ ಅಂಗಡಿಯವರನ್ನು ಕೇಳಿ, ಆ ಪ್ರದೇಶದ ಸಂಚಾರ ಠಾಣೆಗೆ ನೋಂದಣಿ ಸಂಖ್ಯೆ ಹೇಳಿ ವಿಚಾರಿಸಬೇಕು. ಸಂಚಾರ ಠಾಣೆ ಮತ್ತು ಕಾನೂನು ಸುವ್ಯವಸ್ಥೆ ಠಾಣೆ ಬೇರೆ ಬೇರೆ. ಎಷ್ಟೋ ಜನ ತಪ್ಪು ಠಾಣೆಗೆ ಹೋಗಿ ಹೊತ್ತು ಕಳೆಯುತ್ತಾರೆ. ಸಂಚಾರ ಪೊಲೀಸರಲ್ಲಿ ಗಾಡಿಯ ದಾಖಲೆ ಇಲ್ಲದಿದ್ದರೆ ಆಗ 112ಕ್ಕೆ ಕರೆ ಮಾಡಿ ಕಳ್ಳತನದ ದೂರು ಕೊಡಬೇಕು.

ಕಾರು ಠಾಣೆಯಲ್ಲೇ ಇದೆ ಎಂದಾಯಿತು. ಆರ್‌ಸಿ, ಡಿಎಲ್, ವಿಮೆ ಒಯ್ಯಬೇಕು. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ಪ್ರತಿಗಳಿಗೂ ಮಾನ್ಯತೆ ಇದೆ. ಆರ್‌ಸಿ ಬೇರೆಯವರ ಹೆಸರಿನಲ್ಲಿದ್ದರೆ ಅವರ ಸಹಿಯ ಒಪ್ಪಿಗೆ ಪತ್ರ ಜೊತೆಗಿರಲಿ. ಹಣ ಕೊಡುವ ಮೊದಲು ಚಲನ್‌ನಲ್ಲಿ ಯಾವ ಕಲಂ ಬರೆದಿದ್ದಾರೆ ಎಂದು ನೋಡಬೇಕು. ಅಡ್ಡಿಪಡಿಸುವ ನಿಲುಗಡೆಗೆ ಹಾಕುವ ಕಲಂ 201ರ ದಂಡಕ್ಕೆ 2019ರ ತಿದ್ದುಪಡಿಯ ನಂತರ 500 ರೂಪಾಯಿಯ ಮಿತಿ ಇದೆ. ಸಾಮಾನ್ಯ ಉಲ್ಲಂಘನೆಯ ಕಲಂ 177ರಲ್ಲಿ ಮೊದಲ ಸಲಕ್ಕೆ 500, ಮತ್ತೆ ಮಾಡಿದರೆ 1,500. ಎಳೆದು ತಂದ ಖರ್ಚು ರಸೀದಿಯಲ್ಲಿ ಬೇರೆ ಸಾಲಾಗಿ ಕಾಣಬೇಕು. ಒಟ್ಟು ಮೊತ್ತವನ್ನಷ್ಟೇ ಹೇಳಿ ರಸೀದಿ ಇಲ್ಲವೆಂದರೆ ಹಣ ಕೊಡದೆ ಠಾಣಾಧಿಕಾರಿಯ ಬಳಿ ಹೋಗುವುದೇ ಸರಿ.

ಹಣ ಕಟ್ಟಿದ ಕೂಡಲೇ ಕೀಲಿ ತಿರುಗಿಸಿ ಹೊರಡುವುದು ಮಾತ್ರ ಬೇಡ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದ ಓಡುವಂಥವು. ಅವುಗಳ ಹಿಂಭಾಗ ಎತ್ತಿ ಮುಂದಿನ ಚಕ್ರಗಳನ್ನು ರಸ್ತೆಯ ಮೇಲೆ ಎಳೆದರೆ, ಗೇರಿನಲ್ಲಿದ್ದ ಗಾಡಿಯ ಗೇರ್‌ಬಾಕ್ಸಿಗೆ ಏಟು. ಆಟೊಮ್ಯಾಟಿಕ್ ಕಾರಾದರೆ ಏಟು ಇನ್ನೂ ಜೋರು. ಮುಂಭಾಗ ಎತ್ತಿ ಹ್ಯಾಂಡ್‌ಬ್ರೇಕ್ ಹಾಕಿದ್ದಾಗಲೇ ಎಳೆದರೆ ಹಿಂದಿನ ಟೈರುಗಳು ಒಂದೇ ಕಡೆ ಚಪ್ಪಟೆಯಾಗಿ ಸವೆದಿರುತ್ತವೆ, ಓಡಿಸುವಾಗ ಧಡಧಡ ಬಡಿಯುತ್ತವೆ. ದ್ವಿಚಕ್ರ ವಾಹನದಲ್ಲಿ ಕನ್ನಡಿ, ಇಂಡಿಕೇಟರ್ ನೋಡಬೇಕು. ಲಾಕ್ ಆಗಿದ್ದ ಹ್ಯಾಂಡಲನ್ನು ಬಲವಂತವಾಗಿ ತಿರುಗಿಸಿದ್ದಾರೆಯೇ ಎಂಬುದನ್ನೂ ಗಮನಿಸಬೇಕು. ಏನಾದರೂ ಕಂಡರೆ ಠಾಣೆಯ ಆವರಣದಲ್ಲೇ ಫೋಟೊ ತೆಗೆದು, ಅಲ್ಲೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಗೇಟು ದಾಟಿದ ಮೇಲೆ ಆ ಗೀರು ಅಲ್ಲೇ ಬಿತ್ತೆಂದು ತೋರಿಸುವುದು ಕಷ್ಟ.

ಕ್ಲ್ಯಾಂಪಿನ ಕಥೆ ಇನ್ನೂ ವಿಚಿತ್ರ. ದಾರಿಗೆ ಅಡ್ಡವಾಗಿದೆ ಎಂದು ಹಿಡಿದ ಗಾಡಿಯನ್ನು ಅಲ್ಲೇ ಕಟ್ಟಿಹಾಕಿದರೆ ಅಡ್ಡಿ ಹಾಗೇ ಉಳಿಯುತ್ತದೆ. ಕಾಯ್ದೆ ಇದಕ್ಕೆ ಒಪ್ಪಿದ್ದರೂ, ಇದರಲ್ಲಿ ತೆರವಿನ ಉದ್ದೇಶವೇ ಇಲ್ಲ, ಇರುವುದು ಮಾಲೀಕನನ್ನು ಕರೆಸುವ ಉದ್ದೇಶ. ಚಾಲಕನಿಗೆ ಇಲ್ಲಿರುವ ಎಚ್ಚರಿಕೆ ಒಂದೇ: ಗಾಜಿನ ಮೇಲೆ ಅಂಟಿಸಿದ ಚೀಟಿ ನೋಡದೆ ಗಾಡಿ ಚಲಾಯಿಸಿದರೆ ರಿಮ್ಮು, ಫೆಂಡರ್ ಹಾಳು, ಕ್ಲ್ಯಾಂಪ್ ಮುರಿದರೆ ನೋ ಪಾರ್ಕಿಂಗ್ ತಪ್ಪು ಹೋಗಿ ಸರ್ಕಾರಿ ಸ್ವತ್ತು ಕೆಡಿಸಿದ ಮೊಕದ್ದಮೆಯಾಗುತ್ತದೆ. ಇನ್ನು ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ತಮ್ಮ ನಿವಾಸಿಗಳ ಅಂಗಳದಲ್ಲಿ ಹಾಕುವ ಬೀಗಕ್ಕೆ ಕಲಂ 127ರ ಬಲವಿಲ್ಲ. ಅದು ಸಾರ್ವಜನಿಕ ಜಾಗದಲ್ಲಿ ಪೊಲೀಸರಿಗೆ ಕೊಟ್ಟ ಅಧಿಕಾರ. ಇಂಗ್ಲೆಂಡಿನಲ್ಲಿ ಖಾಸಗಿ ಜಾಗದ ಕ್ಲ್ಯಾಂಪಿಂಗನ್ನು 2012ರ ಕಾಯ್ದೆಯೊಂದು ಅಪರಾಧವೆಂದೇ ಘೋಷಿಸಿತು.

ದಂಡ ಕಟ್ಟಿಸಿಕೊಳ್ಳದೆ ಗಾಡಿ ಬಿಟ್ಟರೆ ಯಾರು ಕಟ್ಟುತ್ತಾರೆ ಎಂಬ ಪೊಲೀಸರ ವಾದಕ್ಕೆ ಒಂದು ಕಾಲದಲ್ಲಿ ತೂಕವಿತ್ತು. ಆಗ ಗಾಡಿಯೇ ಒತ್ತೆ, ಬೇರೆ ಹಿಡಿತವಿರಲಿಲ್ಲ. ಈಗ ಇ-ಚಲನ್ ನೋಂದಣಿ ಸಂಖ್ಯೆಗೇ ಅಂಟಿಕೊಳ್ಳುತ್ತದೆ. ಕಟ್ಟದಿದ್ದರೆ ನ್ಯಾಯಾಲಯಕ್ಕೆ ಹೋಗುತ್ತದೆ. ಸ್ಥಳದಲ್ಲೇ ದಂಡ ಕಟ್ಟಿ ಪ್ರಕರಣ ಮುಗಿಸುವುದು, ಅಂದರೆ ಕಲಂ 200ರ ರಾಜಿ, ಮಾಲೀಕನ ಆಯ್ಕೆ. ತಪ್ಪು ಮಾಡಿಲ್ಲ ಎನ್ನುವವನು, ಬೋರ್ಡೇ ಇರಲಿಲ್ಲ ಎನ್ನುವವನು, ನ್ಯಾಯಾಧೀಶರ ಮುಂದೆ ಹೋಗಬಹುದು. ಅದಕ್ಕೆ ಬೇಕಾದದ್ದು ಗಾಡಿ ನಿಂತಿದ್ದ ಜಾಗದ ಫೋಟೊ, ಅದೂ ಅದೇ ದಿನ ತೆಗೆದದ್ದು. ನಾಳೆ ಅಲ್ಲಿ ಹೊಸ ಬೋರ್ಡ್ ಬಂದಿರಬಹುದು. ಹಳೆಯ ಬಾಕಿ ಚಲನ್‌ಗಳನ್ನೂ ಇದೇ ನೆಪದಲ್ಲಿ ಕಟ್ಟಿಸಿಕೊಳ್ಳಲು ನೋಡಿದರೆ, ಅವು ಬೇರೆ ಪ್ರಕರಣಗಳು ಎಂದು ಹೇಳಲು ಅಂಜಬೇಕಿಲ್ಲ.

ಹಾಗಾಗಿ ವ್ಯವಸ್ಥೆಗೆ ನಾನು ಕೇಳುವುದು ಇಷ್ಟು. ಎಳೆದು ತಂದ ಖರ್ಚು ಪಡೆದು ಗಾಡಿ ಬಿಡಲಿ, ದಂಡವನ್ನು ಚಲನ್‌ಗೆ ಬಿಡಲಿ, ಗುತ್ತಿಗೆದಾರನಿಗೆ ಗಾಡಿಯ ಲೆಕ್ಕದಲ್ಲಿ ಹಣ ಕೊಡುವುದನ್ನು ನಿಲ್ಲಿಸಿ ಪಾಳಿಯ ಲೆಕ್ಕದಲ್ಲಿ ಕೊಡಲಿ. ಆಗ ಟೆಂಪೋ ಸ್ಕೂಟರ್ ಹುಡುಕುವುದನ್ನು ಬಿಟ್ಟು ಬಸ್ ನಿಲ್ದಾಣಕ್ಕೆ ಅಡ್ಡ ನಿಂತ ಕಾರಿನ ಬಳಿ ಹೋಗುತ್ತದೆ.