ಸಂದರ್ಶನಕ್ಕೆ ಯಾವ ಬಣ್ಣದ ಅಂಗಿ?

ಬದಿಯಡ್ಕ ಕಡೆಯ ಕನ್ನಡ ಶಾಲೆಯಲ್ಲಿ ಓದಿ, ಕಾಸರಗೋಡಿನಲ್ಲಿ ಪದವಿ ಮುಗಿಸಿದ ತರುಣನೊಬ್ಬನಿಗೆ ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಿತು. ಐಬಿಪಿಎಸ್ ನಡೆಸುವ ಈ ಆಯ್ಕೆಯಲ್ಲಿ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ಪಾಲು. ಲಿಖಿತ ಪರೀಕ್ಷೆಯಲ್ಲಿ ಅಂಚಿನಲ್ಲಿರುವವರಿಗೆ ಈ 20 ಸಣ್ಣದಲ್ಲ. ಮನೆಯಲ್ಲಿ ಅಂಗಿಯ ಬಣ್ಣವೇ ಚರ್ಚೆಯ ವಿಷಯವಾಯಿತು. ಅಕ್ಕನ ಮದುವೆಗೆ ಹೊಲಿಸಿದ್ದ ಹೊಳೆಯುವ ಮರೂನ್ ಅಂಗಿಯನ್ನೇ ಧರಿಸಲಿ ಎಂದು ತಾಯಿ, ಬಿಳಿಯೇ ಗೌರವವೆಂದು ತಂದೆ, ಕಪ್ಪೇ ಚೆನ್ನೆಂದು ಮಗ. ಒಳ್ಳೆಯ ಕಾರ್ಯಕ್ಕೆ ಹೊರಡುವಾಗ ಕಪ್ಪು ಬೇಡವೆಂಬುದು ತಾಯಿಯ ಇನ್ನೊಂದು ತಕರಾರು.

ಬ್ಯಾಂಕಿನಿಂದ ನಿವೃತ್ತರಾಗಿದ್ದ, ಹಲವು ಬಾರಿ ಸಂದರ್ಶನ ಮಂಡಳಿಯಲ್ಲಿ ಕುಳಿತಿದ್ದ ಸೋದರಮಾವ ಅಂದು ಮನೆಗೆ ಬಂದಿದ್ದರು. "ಬಣ್ಣಕ್ಕೆ ಯಾರೂ ಅಂಕ ಕೊಡುವುದಿಲ್ಲ ಮಾರಾಯ. ಆದರೆ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ನಮ್ಮ ಕಣ್ಣು ನಿನ್ನ ಮುಖದ ಮೇಲಿರಬೇಕು, ಅಂಗಿಯ ಮೇಲಲ್ಲ" ಎಂದರು ಅವರು.

ಅಮೆರಿಕದ ಕೆರಿಯರ್‌ಬಿಲ್ಡರ್ ಸಂಸ್ಥೆ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನೌಕರಿಗೆ ಜನರನ್ನು ಆಯ್ಕೆ ಮಾಡುವ ಅಧಿಕಾರಿಗಳು ಹೆಚ್ಚಾಗಿ ಸೂಚಿಸಿದ್ದು ನೀಲಿಯನ್ನು, ಅನಂತರ ಕಪ್ಪನ್ನು. ಬೇಡವೆಂದವರು ಹೆಚ್ಚಾಗಿ ಹೆಸರಿಸಿದ್ದು ಕಿತ್ತಳೆಯನ್ನು. ಆದರೆ ಅದು ಅವರ ಅಭಿಪ್ರಾಯ ಮಾತ್ರ. ನೀಲಿ ಧರಿಸಿದವರಿಗೇ ಕೆಲಸ ಸಿಕ್ಕಿತೆಂದು ಅದರಿಂದ ಸಿದ್ಧವಾಗುವುದಿಲ್ಲ. ನೀಲಿಗೆ ಮಂತ್ರಶಕ್ತಿಯೇನೂ ಇಲ್ಲ. ಕಚೇರಿಗಳಲ್ಲಿ ಕಂಡು ಕಂಡು ರೂಢಿಯಾದ ಬಣ್ಣವಾದುದರಿಂದ ಅದು ಯಾರ ಗಮನವನ್ನೂ ಸೆಳೆಯುವುದಿಲ್ಲ, ಅಷ್ಟೆ.

ಮಾವ ಮೂರು ಅಂಗಿಗಳನ್ನು ತರಿಸಿದರು: ಮರೂನ್, ತೆಳು ಬಿಳಿ, ತಿಳಿನೀಲಿ. ಒಂದೊಂದನ್ನೂ ತೊಡಿಸಿ, ಮೇಜಿನಾಚೆ ಕುಳಿತವರಿಗೆ ಕಾಣುವಷ್ಟು ದೂರದಿಂದ, ಮೊದಲು ಕಿಟಕಿಯ ಬೆಳಕಿನಲ್ಲಿ, ಬಳಿಕ ಟ್ಯೂಬ್‌ಲೈಟಿನ ಕೆಳಗೆ ಮೊಬೈಲಿನಲ್ಲಿ ಚಿತ್ರ ತೆಗೆದರು. ಚಿತ್ರವನ್ನು ತಾಯಿಗೆ ಒಂದು ಕ್ಷಣ ತೋರಿಸಿ, "ಮೊದಲು ಏನು ಕಂಡಿತು?" ಎಂದು ಕೇಳಿದರು. ಮರೂನಿನ ಹೊಳಪು ಟ್ಯೂಬ್‌ಲೈಟಿನಲ್ಲಿ ಇನ್ನೂ ಎದ್ದು ಕಂಡಿತು. "ಅಂಗಿ" ಎಂದು ತಾಯಿಯೇ ಒಪ್ಪಿದರು. ಬಿಳಿಯ ತೆಳುವಿನಲ್ಲಿ ಒಳಗಿನ ಬನಿಯನ್ನಿನ ಅಂಚು ಗೆರೆಯಾಗಿ ಕಾಣುತ್ತಿತ್ತು. ದಪ್ಪ ಬಟ್ಟೆಯದಾಗಿದ್ದರೆ ಬಿಳಿಯೂ ಸಲ್ಲುತ್ತಿತ್ತು. ತಿಳಿನೀಲಿಯಲ್ಲಿ ಮೊದಲು ಕಂಡದ್ದು ಮುಖ.

ತಿಳಿನೀಲಿಗೂ ಒಂದು ದೋಷವುಂಟು. ಬೆವರು ತಾಗಿದ ಕಡೆ ಅದು ಗಾಢವಾಗಿ ಕಲೆಯಂತೆ ತೋರುತ್ತದೆ. ಬೂದು ಬಣ್ಣದಲ್ಲಿ ಇದು ಇನ್ನೂ ಹೆಚ್ಚು. ಕರಾವಳಿಯ ಸೆಕೆಯಲ್ಲಿ ಬಸ್ಸಿನಲ್ಲಿ ನಿಂತು ಹೋಗುವವನ ಬೆನ್ನು, ಕಂಕುಳು ಕೇಂದ್ರ ತಲುಪುವುದರೊಳಗೆ ಒದ್ದೆಯಾಗಿರುತ್ತವೆ. ಆದುದರಿಂದ ಬೇರೆ ಅಂಗಿಯಲ್ಲಿ ಪ್ರಯಾಣ ಮಾಡಿ, ಇಸ್ತ್ರಿ ಮಾಡಿದ್ದನ್ನು ಅಲ್ಲಿಯೇ ಬದಲಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಕಡುನೀಲಿ ಪ್ಯಾಂಟು, ಕಪ್ಪು ಬೆಲ್ಟು, ಅದೇ ಕಪ್ಪಿನ ಬೂಟು. ತಾಯಿಯ ತಕರಾರೂ ಬೆಲ್ಟು, ಬೂಟಿನವರೆಗೆ ಬರಲಿಲ್ಲ.

ಹೆಣ್ಣುಮಕ್ಕಳ ಸೀರೆ, ಚೂಡಿದಾರಗಳಿಗೂ ಇದೇ ಪರೀಕ್ಷೆ ಸಾಕು. ತಿಳಿ ಬಣ್ಣ, ಸಣ್ಣ ಅಂಚು, ಹೊಳಪಿಲ್ಲದ ಹತ್ತಿ ಬಟ್ಟೆಯಾದರೆ ಮುಖ ಮುಂದೆ ಬರುತ್ತದೆ. ಅಗಲ ಜರಿಯ ರೇಷ್ಮೆ ಎಷ್ಟೇ ಬೆಲೆಯದಾದರೂ ಮದುವೆ ಮನೆಯನ್ನೇ ನೆನಪಿಸುತ್ತದೆ.

ಗಡಿನಾಡಿನಲ್ಲಿ ಇನ್ನೊಂದು ಎಚ್ಚರವೂ ಬೇಕು. ಅಚ್ಚ ಕೇಸರಿ, ಅಚ್ಚ ಹಸಿರು, ಅಚ್ಚ ಕೆಂಪು ಇಲ್ಲಿ ಬರಿಯ ಬಣ್ಣಗಳಲ್ಲ, ಬಾವುಟಗಳು. ಧರಿಸಿದವನಿಗೆ ಅಂತಹ ಉದ್ದೇಶವಿಲ್ಲದಿದ್ದರೂ ಮೇಜಿನಾಚೆ ಕುಳಿತವರಲ್ಲಿ ಒಬ್ಬರು ಹಾಗೆ ಓದಿಕೊಳ್ಳಬಹುದು. ಆ ಭಾವನೆ ಅಂಕಪಟ್ಟಿಯಲ್ಲಿ ಎಲ್ಲಿಯೂ ದಾಖಲಾಗುವುದಿಲ್ಲವಾದುದರಿಂದ ಅದನ್ನು ಪ್ರಶ್ನಿಸಲು ಅಭ್ಯರ್ಥಿಗೆ ದಾರಿಯೂ ಇರುವುದಿಲ್ಲ.

ಹೊರಡುವ ಹಿಂದಿನ ಸಂಜೆ ತರುಣ ಮೆಲ್ಲನೆ ಕೇಳಿದ: "ಮಾವ, ನನ್ನ ಮೈಬಣ್ಣ ಕಪ್ಪು. ತಿಳಿ ಅಂಗಿಯಲ್ಲಿ ಇನ್ನೂ ಕಪ್ಪಾಗಿ ಕಾಣುವುದಿಲ್ಲವೇ?" ಮನೆಯ ಅಷ್ಟೂ ಚರ್ಚೆಯ ಹಿಂದೆ ಅವನನ್ನು ಕಾಡುತ್ತಿದ್ದ ಪ್ರಶ್ನೆ ಅದೊಂದೇ ಆಗಿತ್ತು. ಮಾವ ಮೊಬೈಲಿನ ಚಿತ್ರವನ್ನು ಮತ್ತೆ ತೆರೆದರು. "ನೋಡು, ಅಂಗಿ ತಿಳಿಯಾದುದರಿಂದಲೇ ನಿನ್ನ ಕಣ್ಣು, ಬಾಯಿ ಸ್ಪಷ್ಟವಾಗಿ ಕಾಣುತ್ತಿವೆ. ಮುಖವನ್ನು ಬೆಳ್ಳಗೆ ತೋರಿಸುವುದಕ್ಕೆ ನೀನು ಹೋಗುತ್ತಿಲ್ಲ, ಮಾತು ಕೇಳಿಸುವುದಕ್ಕೆ ಹೋಗುತ್ತಿರುವುದು" ಎಂದರು.

ಮರುದಿನ ತಿಳಿನೀಲಿ ಅಂಗಿ ಮಡಿಕೆ ಮುರಿಯದಂತೆ ಚೀಲದ ಮೇಲ್ಭಾಗದಲ್ಲಿ ಕುಳಿತು ಬಸ್ಸು ಹತ್ತಿತು. ಮರೂನ್ ಅಂಗಿ ಮುಂದಿನ ಮದುವೆಗೆಂದು ಕಪಾಟಿನಲ್ಲೇ ಉಳಿಯಿತು.